38 ಸಾವಿರಕ್ಕೆ ಪ್ಯಾಕ್ ಎಸ್23 ಸಿಗ್ತಿದೆ, ಅದೇ ದುಡ್ಡಿಗೆ ಹೊಸ ಎ56. ಯಾವುದು ತಗೊಳ್ಳಲಿ?

ಡೊಂಬಿವಲಿ ಶೈಲಾ, ಶನಿವಾರ 8 ನವೆಂಬರ್ 2025, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನನ್ನ ಫೋನಿಗೆ ಆರು ವರ್ಷ ಆಯಿತು. ಬ್ಯಾಂಕಿನ ಆ್ಯಪ್ ತೆರೆಯುವಷ್ಟರಲ್ಲಿ ಮುಂಬ್ರಾ ಬಂದು ಠಾಣೆಯೂ ದಾಟಿರುತ್ತದೆ. ದೀಪಾವಳಿಗೇ ಬದಲಾಯಿಸಬೇಕಿತ್ತು, ಆಗಲಿಲ್ಲ.

ನಮ್ಮ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಸ್ಯಾಮ್‌ಸಂಗ್ ಎಸ್23 ಒಂದು ಪೀಸ್ ಉಳಿದಿದೆಯಂತೆ. ಪ್ಯಾಕ್ ಒಡೆದಿಲ್ಲ, 256 ಜಿಬಿ, 38,000 ಕೊಡಿ ಎಂದ. ಅವನೇ ಅದೇ ಬೆಲೆಗೆ ಎ56 ಕೂಡ ತೋರಿಸಿದ, ಅದೂ 256 ಜಿಬಿ. ಎಸ್23 ಬಂದಾಗ 75 ಸಾವಿರದ ಹತ್ತಿರ ಇದ್ದದ್ದು ನೆನಪಿದೆ. ಅದಕ್ಕೇ ಆಸೆ ಆಗುತ್ತಿದೆ.

ನನ್ನ ಬಳಕೆ ಇಷ್ಟು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿ ಬರುವುದು, ದಾರಿಯಲ್ಲಿ ವಿಡಿಯೊ ನೋಡುವುದು. ಬ್ಯಾಂಕಿಂಗ್ ಆ್ಯಪ್‌ಗಳು, ಯುಪಿಐ. ಮತ್ತೆ ಮಗಳ ಭರತನಾಟ್ಯ. ಮಾಟುಂಗದ ಕರ್ನಾಟಕ ಸಂಘದ ಹಾಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಫೋಟೊ ತೆಗೆದರೆ ಮುಖದ ಬದಲು ಬಿಳಿ ಚುಕ್ಕೆ ಬರುತ್ತದೆ! ಆಟ ಆಡುವುದಿಲ್ಲ. ಒಮ್ಮೆ ತಗೊಂಡರೆ ಐದು ವರ್ಷ ಇಟ್ಟುಕೊಳ್ಳುವವಳು ನಾನು.

ಚೆಂಬೂರ್ ಶೆಟ್ರು, 9.32

ಮಾರಾಯ್ರೇ, ಇದರಲ್ಲಿ ಕೇಳಲಿಕ್ಕೆ ಏನಿದೆ? ಎಸ್23. ಎಸ್ ಸರಣಿ ಅಂದರೆ ಎಸ್ ಸರಣಿ. ಸ್ನ್ಯಾಪ್‌ಡ್ರಾಗನ್ 8 ಜೆನ್ 2 ಇದೆ, ಮೂರು ಪಟ್ಟು ಹತ್ತಿರ ತರುವ ಲೆನ್ಸ್ ಇದೆ. ಮೇಲಿಂದ ಏಳು ವರ್ಷ ಅಪ್‌ಡೇಟ್ ಕೊಡುತ್ತಾರೆ. ಎ56 ನಮ್ಮ ಕ್ಯಾಷಿಯರ್ ಹತ್ತಿರ ಇದೆ, ಒಳ್ಳೆ ಫೋನೇ. ಆದರೆ ಎರಡರ ಜಾತಿ ಬೇರೆ. ಮೈಸೂರು ಮಸಾಲೆಯ ಬೆಲೆಗೆ ಯಾರಾದರೂ ಸೆಟ್ ದೋಸೆ ತಗೊಳ್ತಾರಾ?

ಅಪ್ಪಣ್ಣ ಮಾಮ, ಠಾಣೆ, 9.58

ಹಳೆಯ ಫೋನ್ ಇಟ್ಟುಕೊಳ್ಳುವುದೇ ಸರಿ ಅಮ್ಮಾ. ನಾನೂ ಹಾಗೇ ಮಾಡಿದೆ. 2018ರ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದೆ, ಸಾವಿರದ ಒಳಗೆ ಮುಗಿಯಿತು. ಸುಮ್ನೆ 38 ಸಾವಿರ ಯಾಕೆ ಸುರಿಯುತ್ತೀರಿ?

ಡೊಂಬಿವಲಿ ಶೈಲಾ, 10.05

ಮಾಮಾ, ನನ್ನ ಹಳೆಯ ಫೋನಿನ ಮಾತಲ್ಲ ಇದು. ಅಂಗಡಿಯಲ್ಲಿರುವ ಹಳೆಯ ಮಾಡೆಲ್. ಬಳಸಿದ್ದಲ್ಲ.

ಅಪ್ಪಣ್ಣ ಮಾಮ, ಠಾಣೆ, 10.11

ಬಳಸದೇ ಇದ್ದದ್ದು ಹಳೆಯದು ಹೇಗಾಗುತ್ತದೆ? ಇರಲಿ, ನೀವು ಮುಂದುವರಿಸಿ.

ಪುಣೆಯ ಧಾರವಾಡಿ, 11.40

ಮಾಮಾ ತಮಾಷೆಗೆ ಕೇಳಿದರೋ ಏನೋ, ಪ್ರಶ್ನೆ ಮಾತ್ರ ಭಾರಿ ಸರಿಯಾಗಿದೆ. ಬಳಸದೇ ಇದ್ದರೂ ಅದು ಹಳೆಯದು. ಎರಡು ರೀತಿಯಲ್ಲಿ ಹಳೆಯದು: ಅಪ್‌ಡೇಟ್ ಲೆಕ್ಕದಲ್ಲಿ, ಬ್ಯಾಟರಿ ಲೆಕ್ಕದಲ್ಲಿ.

ಮೊದಲು ಅಪ್‌ಡೇಟ್. ಶೆಟ್ರೇ, ಏಳು ವರ್ಷದ ಮಾತು ಶುರುವಾದದ್ದು ಎಸ್24ರಿಂದ, ಅಂದರೆ 2024ರ ಜನವರಿಯಿಂದ. ಎಸ್23ಕ್ಕೆ ಅದು ಹಿಂದಕ್ಕೆ ಹೋಗಿ ಅನ್ವಯ ಆಗಲಿಲ್ಲ. ಅದರ ಮಾತು ನಾಲ್ಕು ಆಂಡ್ರಾಯ್ಡ್, ಐದು ವರ್ಷ ಸೆಕ್ಯುರಿಟಿ. ಆ ಐದು ವರ್ಷ ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ. ಶೈಲಾ ಅವರು ಬಿಲ್ ಮಾಡಿಸಿದ ದಿನದಿಂದ ಅಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಎಸ್23 ಬಂದದ್ದು 2023ರ ಫೆಬ್ರುವರಿ, ಆಂಡ್ರಾಯ್ಡ್ 13ರ ಜೊತೆ. ಹಾಗಾಗಿ 17ಕ್ಕೆ ನಿಲ್ಲುತ್ತದೆ. ಈಗಾಗಲೇ 16 ಬಂದಿದೆ, ಉಳಿದದ್ದು ಒಂದೇ ಒಂದು. ಸೆಕ್ಯುರಿಟಿ 2028ರ ಫೆಬ್ರುವರಿಯವರೆಗೆ, ಇವತ್ತಿಗೆ 27 ತಿಂಗಳು. ಎ56 ಬಂದದ್ದು 2025ರ ಮಾರ್ಚ್, ಆಂಡ್ರಾಯ್ಡ್ 15ರ ಜೊತೆ. ಅದಕ್ಕೆ ಆರು ಆಂಡ್ರಾಯ್ಡ್, ಆರು ವರ್ಷ. ಅಂದರೆ 2031ರ ಮಾರ್ಚ್‌ವರೆಗೆ, 64 ತಿಂಗಳು.

38,000ವನ್ನು ಈ ತಿಂಗಳುಗಳಿಗೆ ಹಂಚಿ ನೋಡಿ. ಎಸ್23ಕ್ಕೆ ತಿಂಗಳಿಗೆ 1,400ರ ಮೇಲೆ ಬೀಳುತ್ತದೆ. ಎ56ಕ್ಕೆ 600ಕ್ಕಿಂತ ಕಡಿಮೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಾಯಿಸುವವರಿಗೆ ಈ ಲೆಕ್ಕ ಬೇಡವೇ ಬೇಡ, ಅವರು ಕಣ್ಣು ಮುಚ್ಚಿ ಎಸ್23 ತಗೊಳ್ಳಬಹುದು. ಆದರೆ ಇವರು ಐದು ವರ್ಷ ಅಂದಿದ್ದಾರೆ.

ಅಂದ ಹಾಗೆ, ನನ್ನ ಹತ್ತಿರ ಇರುವುದೂ ಎಸ್23ಯೇ. 2023ರಲ್ಲೇ ತಗೊಂಡದ್ದು. ಇಷ್ಟಪಟ್ಟು ಬಳಸುತ್ತಿದ್ದೇನೆ. ಆಗ ತಗೊಂಡದ್ದು ಬೇರೆ, ಈಗ ತಗೊಳ್ಳುವುದು ಬೇರೆ.

ಚೆಂಬೂರ್ ಶೆಟ್ರು, 11.52

ಓಹೋ, ಏಳು ವರ್ಷ ಎಸ್24ಕ್ಕಾ? ನನ್ನದೇ ತಪ್ಪು. ಆದರೆ ಅಪ್‌ಡೇಟ್ ನಿಂತರೆ ಫೋನ್ ಏನು ಕಲ್ಲಾಗುತ್ತದಾ? ನಮ್ಮ ಕೌಂಟರಿನ ಟ್ಯಾಬ್‌ಗೆ ಅಪ್‌ಡೇಟ್ ಬಂದು ಮೂರು ವರ್ಷ ಆಯಿತು, ಬಿಲ್ ಹೊಡೆಯುತ್ತಲೇ ಇದೆ.

ಹಿಂಜವಡಿ ಹರೀಶ, 12.20

ಬಿಲ್ ಹೊಡೆಯುತ್ತೆ ಶೆಟ್ರೇ, ಬ್ಯಾಂಕ್ ಆ್ಯಪ್ ನಡೆಯಲ್ಲ. ಸೆಕ್ಯುರಿಟಿ ಪ್ಯಾಚ್ ನಿಂತ ಮರುದಿನವೇ ಬ್ಯಾಂಕಿನ ಆ್ಯಪ್‌ಗಳು ಬಂದ್. ಅದಕ್ಕೇ ನಾನು ಯಾವಾಗಲೂ ಹೊಸ ಮಾಡೆಲ್ಲೇ ತಗೊಳ್ಳೋದು. ಚಿಪ್ ಕೂಡ ಅಷ್ಟೆ. ಎ56ರ ಎಕ್ಸಿನೋಸ್ 1580 ಬಂದದ್ದು 2024ರ ಕೊನೆಗೆ. 8 ಜೆನ್ 2 ಅಂದರೆ 2022ರದ್ದು. ಎರಡು ವರ್ಷ ಮುಂದಿನ ತಂತ್ರಜ್ಞಾನ. ಮತ್ತೆ ಹಳೆಯ ಫ್ಲ್ಯಾಗ್‌ಶಿಪ್ ಚಿಪ್‌ಗಳೆಲ್ಲ ದೋಸೆ ಕಾವಲಿ ಥರ ಕಾಯುತ್ತವೆ, ಗೊತ್ತಲ್ವಾ?

ಪುಣೆಯ ಧಾರವಾಡಿ, 1.35

ಹರೀಶ, ನೀವು ಮೂರು ಮಾತು ಹೇಳಿದಿರಿ, ಮೂರೂ ಅರ್ಧರ್ಧ ಸರಿ. ಊಟ ಮುಗಿಸಿ ಬಂದಿದ್ದೇನೆ, ಒಂದೊಂದೇ ನೋಡೋಣ.

ಮೊದಲು ಕಾಯುವ ವಿಷಯ. 2021ರ ಸ್ನ್ಯಾಪ್‌ಡ್ರಾಗನ್ 888 ಮತ್ತು ಆಮೇಲಿನ 8 ಜೆನ್ 1, ಇವೆರಡೂ ನಿಜವಾಗಿ ಕಾಯುತ್ತಿದ್ದವು. ಅವನ್ನು ಸ್ಯಾಮ್‌ಸಂಗ್‌ನ ಕಾರ್ಖಾನೆಯಲ್ಲಿ ಅಚ್ಚು ಹಾಕುತ್ತಿದ್ದರು. 2022ರ ನಡುವೆ 8 ಪ್ಲಸ್ ಜೆನ್ 1 ಬಂದಾಗ ಕ್ವಾಲ್‌ಕಾಮ್ ಆ ಕೆಲಸವನ್ನು ತೈವಾನಿನ ಟಿಎಸ್‌ಎಂಸಿಗೆ ಕೊಟ್ಟಿತು. ವಿನ್ಯಾಸ ಹೆಚ್ಚು ಕಡಿಮೆ ಅದೇ, ಕಾರ್ಖಾನೆ ಮಾತ್ರ ಬೇರೆ. ಅಷ್ಟಕ್ಕೇ ಕರೆಂಟ್ ಕುಡಿಯುವುದೂ ಕಾಯುವುದೂ ಇಳಿಯಿತು. 8 ಜೆನ್ 2 ಕೂಡ ಟಿಎಸ್‌ಎಂಸಿಯದ್ದೇ. ಹಾಗಾಗಿ ‘ಹಳೆಯ ಫ್ಲ್ಯಾಗ್‌ಶಿಪ್’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಇದೇ 38 ಸಾವಿರಕ್ಕೆ 888ರ ಫೋನ್ ಬಂದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ಎರಡನೆಯದು ವರ್ಷ. ಚಿಪ್‌ಗೆ ವರ್ಷಕ್ಕಿಂತ ದರ್ಜೆ ಮುಖ್ಯ. ಮೂರು ವರ್ಷದ ಹಿಂದಿನ ಮೇಲ್ದರ್ಜೆಯ ಚಿಪ್ ಇವತ್ತಿಗೂ ಈ ಮಧ್ಯಮ ಚಿಪ್‌ಗಿಂತ ಮುಂದೆ ಇದೆ. ಗ್ರಾಫಿಕ್ಸ್‌ನಲ್ಲಂತೂ ದೂರದ ಮಾತು. ಆದರೆ ಶೈಲಾ ಅವರು ಆಟ ಆಡುವುದಿಲ್ಲ. ಅವರಿಗೆ ಈ ವ್ಯತ್ಯಾಸ ಕಾಣುವುದು ಎರಡು ಕಡೆ. ಫೋಟೊ ಒತ್ತಿದ ಮೇಲೆ ಫೋನ್ ಅದನ್ನು ಸರಿಪಡಿಸಿ ಕೊಡುವ ಹೊತ್ತು, ಆಮೇಲೆ ವಿಡಿಯೊ. ಎ56 4ಕೆ ವಿಡಿಯೊವನ್ನು ಸೆಕೆಂಡಿಗೆ 30 ಫ್ರೇಮ್‌ಗೆ ನಿಲ್ಲಿಸುತ್ತದೆ. ಎಸ್23 60 ಕೊಡುತ್ತದೆ. ನೃತ್ಯದಲ್ಲಿ ಕೈ ಬೀಸುವುದು, ತಿರುಗುವುದು 60ರಲ್ಲಿ ಚೆನ್ನಾಗಿ ಕಾಣುತ್ತದೆ, ಬೆಳಕು ಸಾಕಷ್ಟಿದ್ದರೆ.

ಮೂರನೆಯದು ಬ್ಯಾಂಕ್ ಆ್ಯಪ್. ಮರುದಿನವೇ ಬಂದ್ ಆಗುವುದಿಲ್ಲ. ಆದರೆ ಹರೀಶ ಹೇಳಿದ್ದರಲ್ಲಿ ಒಂದು ಎಳೆ ನಿಜ. ಈ ಫೋನನ್ನು ನಂಬಬಹುದೇ ಎಂದು ಆ್ಯಪ್‌ಗಳು ಗೂಗಲನ್ನು ಕೇಳುವ ಒಂದು ವ್ಯವಸ್ಥೆ ಇದೆ, ಪ್ಲೇ ಇಂಟೆಗ್ರಿಟಿ ಎಂದು. ಅದರ ಉತ್ತರದಲ್ಲಿ ಮೂರು ದರ್ಜೆ. ಎಲ್ಲಕ್ಕಿಂತ ಗಟ್ಟಿ ದರ್ಜೆ ಸಿಗಬೇಕಾದರೆ ಫೋನಿನ ಸೆಕ್ಯುರಿಟಿ ಪ್ಯಾಚ್ ಒಂದು ವರ್ಷದೊಳಗಿನದು ಇರಬೇಕು ಎಂಬ ನಿಯಮ 2025ರಲ್ಲಿ ಬಂತು. ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನ್‌ಗಳಿಗೆ ಇದು. ಅಂದರೆ ಎಸ್23ಕ್ಕೆ ಕೊನೆಯ ಪ್ಯಾಚ್ 2028ರ ಆರಂಭದಲ್ಲಿ ಬಂದರೆ, 2029ರ ಆರಂಭದ ಹೊತ್ತಿಗೆ ಆ ದರ್ಜೆ ಕೈತಪ್ಪುತ್ತದೆ. ಯಾವ ಆ್ಯಪ್ ಆ ಗಟ್ಟಿ ದರ್ಜೆಯನ್ನೇ ಕೇಳುತ್ತದೆ, ಯಾವುದು ಕೆಳಗಿನದಕ್ಕೆ ಒಪ್ಪುತ್ತದೆ ಎಂಬುದು ಆ್ಯಪ್ ಮಾಡಿದವರ ಇಷ್ಟ. ಇವತ್ತು ಒಪ್ಪಿದವರು ನಾಳೆ ಬಿಗಿ ಮಾಡಬಹುದು.

ಶೆಟ್ರ ಟ್ಯಾಬ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇದನ್ನೆಲ್ಲ ಕೇಳುವುದಿಲ್ಲ, ಅದಕ್ಕೇ ಅದು ಆರಾಮಾಗಿದೆ.

ಹಿಂಜವಡಿ ಹರೀಶ, 1.50

ಅಂದರೆ ನಾನು ಹೇಳಿದ್ದು ಸರಿಯೇ, ಒಂದು ವರ್ಷ ತಡ ಅಷ್ಟೆ 😀

ವಾಸ್ಕೋ ಬಸು, 3.15

ನಾನು ಗೋವಾದಲ್ಲಿ ಟ್ಯಾಕ್ಸಿ ಓಡಿಸ್ತೀನಿ. ನನ್ನ ಕಥೆ ಕೇಳಿ. ಹೋದ ವರ್ಷ ಒಂದು ಹಳೆಯ ಫ್ಲ್ಯಾಗ್‌ಶಿಪ್ ತಗೊಂಡೆ, ಕಂಪನಿ ಹೆಸರು ಬೇಡ. ರಿಫರ್ಬಿಶ್ಡ್, 22 ಸಾವಿರ. ಎಂಟು ತಿಂಗಳು ರಾಜನ ಹಾಗೆ ನಡೆಯಿತು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಸ್ಕ್ರೀನ್ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ವಾರದಲ್ಲಿ ಮೂರಾದವು. ಬಿದ್ದಿಲ್ಲ, ನೀರು ತಾಗಿಲ್ಲ. ಡಿಸ್‌ಪ್ಲೇ ಬದಲಾಯಿಸಲು 14 ಸಾವಿರ ಕೇಳಿದರು. ಈಗ ಆ ಗೆರೆಗಳ ನಡುವೆಯೇ ಮ್ಯಾಪ್ ನೋಡಿಕೊಂಡು ದಾಬೋಲಿಂಗೆ ಹೋಗ್ತೀನಿ. ಅಕ್ಕಾ, ಹಳೆಯದು ಬೇಡ.

ಪುಣೆಯ ಧಾರವಾಡಿ, 4.02

ಬಸು ಅಣ್ಣಾ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ರಿಫರ್ಬಿಶ್ಡ್‌ನಲ್ಲಿ ಮೊದಲೇ ಯಾರೋ ಡಿಸ್‌ಪ್ಲೇ ಬಿಚ್ಚಿರಬಹುದು, ಫೋನ್ ಒಮ್ಮೆ ಜಾಸ್ತಿ ಕಾದಿರಬಹುದು. ಪ್ಯಾಕ್ ಪೀಸ್‌ಗೆ ಆ ಭಯ ಕಡಿಮೆ. ಬಳಸಿದ ಸ್ಯಾಮ್‌ಸಂಗ್ ಕೈಗೆ ಬಂದಾಗ `*#0*#` ಒತ್ತಿದರೆ ಸ್ಕ್ರೀನನ್ನು ಪೂರ್ತಿ ಕೆಂಪು, ಹಸಿರು, ನೀಲಿ ಮಾಡಿ ನೋಡಬಹುದು, ಕಲೆ ಇದ್ದರೆ ಕಾಣುತ್ತದೆ. ನಾಳೆ ಬರುವ ಗೆರೆಯನ್ನು ಮಾತ್ರ ಅದು ಹೇಳುವುದಿಲ್ಲ. ಬ್ಯಾಟರಿ ಎಷ್ಟು ಸವೆದಿದೆ ಅಂತ ತಿಳಿಯಲು, ಕಂಪ್ಯೂಟರಿಗೆ ಜೋಡಿಸಿ ಡೀಬಗ್ಗಿಂಗ್ ಆನ್ ಮಾಡಿ ಇದನ್ನು ಹಾಕಿ:

```
adb shell "dumpsys battery | grep Asoc"
```

`mSavedBatteryAsoc` ಮುಂದೆ 90 ಬಂದರೆ ಬ್ಯಾಟರಿಯಲ್ಲಿ ಸುಮಾರು 90 ಪರ್ಸೆಂಟ್ ಉಳಿದಿದೆ ಎಂದು. ಕೆಲವು ಮಾಡೆಲ್‌ಗಳಲ್ಲಿ -1 ಬರುತ್ತದೆ. ಆಗ ಈ ದಾರಿ ಮುಚ್ಚಿದಂತೆ.

ಈಗ ಶೈಲಾ ಅವರ ಪೀಸ್‌ಗೆ ಬರುತ್ತೇನೆ. ಲಿಥಿಯಂ ಬ್ಯಾಟರಿ ಪೆಟ್ಟಿಗೆಯಲ್ಲಿ ಕೂತರೂ ನಿಧಾನಕ್ಕೆ ಸವೆಯುತ್ತದೆ, ನಮ್ಮ ಕಡೆಯ ಸೆಕೆಗೆ ಇನ್ನೂ ಸ್ವಲ್ಪ ಬೇಗ. ಅಂಗಡಿಯಲ್ಲಿ ಮೂರು ವಿಷಯ ನೋಡಿ.

ಪೆಟ್ಟಿಗೆಯ ಚೀಟಿಯ ಮೇಲೆ ತಯಾರಿಕೆಯ ತಿಂಗಳು, ವರ್ಷ ಅಚ್ಚಾಗಿರಲೇಬೇಕು. ಅದನ್ನು ಓದಿ. ಎರಡನೆಯದಾಗಿ, ನಿಮ್ಮ ಎದುರೇ ಪ್ಯಾಕ್ ಒಡೆದು ಆನ್ ಮಾಡಿಸಿ. ಚಾರ್ಜರ್ ಹಾಕದೆ ಏಳಲೇ ಇಲ್ಲ ಅಂದರೆ ಬ್ಯಾಟರಿ ಪೂರ್ತಿ ಬರಿದಾಗಿ ತುಂಬಾ ದಿನ ಕೂತಿದೆ ಎಂದರ್ಥ, ಅಂಥ ಪೀಸ್ ಬಿಟ್ಟುಬಿಡಿ. ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಮಾರಾಟದ ಟಾರ್ಗೆಟ್ ಮುಟ್ಟಿಸಲು ಕೆಲವು ಅಂಗಡಿಗಳು ಫೋನನ್ನು ಒಮ್ಮೆ ಆ್ಯಕ್ಟಿವೇಟ್ ಮಾಡಿ ಮತ್ತೆ ಪ್ಯಾಕ್ ಮಾಡುತ್ತವೆ. ವಾರಂಟಿ ಅವತ್ತೇ ಓಡಲು ಶುರು. ಪೆಟ್ಟಿಗೆಯ ಮೇಲಿನ ಐಎಂಇಐ ಬರೆದುಕೊಂಡು, ವಾರಂಟಿ ಯಾವತ್ತಿನಿಂದ ತೋರಿಸುತ್ತದೆ ಎಂದು ಕಂಪನಿಯ ಸಹಾಯವಾಣಿಗೆ ಕೇಳಿ. ಕದ್ದ ಮಾಲೋ ಅಲ್ಲವೋ ತಿಳಿಯಲು `KYM` ಅಂತ ಬರೆದು, ಜಾಗ ಬಿಟ್ಟು, 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಬಹುದು.

ಮೀರಾ ರೋಡ್ ಮಂಜು, ರಾತ್ರಿ 9.20

ನಾನು ಮದುವೆ ಫೋಟೊಗ್ರಾಫರ್. ಇಡೀ ದಿನ ಅಪ್‌ಡೇಟ್, ಬ್ಯಾಟರಿ ಅಂತಲೇ ಮಾತಾಡಿದಿರಿ. ಆ ತಾಯಿ ಕೇಳಿದ್ದು ಮಗಳ ಫೋಟೊ ಕಣ್ರೀ!

ದೂರದಿಂದ ವೇದಿಕೆ ತೆಗೆಯಬೇಕಾದರೆ ಮೂರು ಪಟ್ಟಿನ ಲೆನ್ಸ್ ಬೇಕೇ ಬೇಕು. ಎ56ರಲ್ಲಿ ಅದು ಇಲ್ಲ. ಅದರಲ್ಲಿರುವ ಮೂರನೇ ಕ್ಯಾಮೆರಾ 5 ಮೆಗಾಪಿಕ್ಸೆಲ್ ಮ್ಯಾಕ್ರೋ, ಸುಮ್ನೆ ಲೆಕ್ಕಕ್ಕೆ ಇಟ್ಟದ್ದು. ಅದರಲ್ಲಿ 3 ಪಟ್ಟು ಜೂಮ್ ಒತ್ತಿದರೆ ಮುಖ್ಯ ಕ್ಯಾಮೆರಾದ ನಡುಭಾಗ ಕತ್ತರಿಸಿ ಕೊಡುತ್ತದೆ. 50 ಮೆಗಾಪಿಕ್ಸೆಲ್‌ನಲ್ಲಿ ಒಂಬತ್ತನೇ ಒಂದು ಪಾಲು, ಐದೂವರೆ ಬಂದರೆ ದೊಡ್ಡದು. ಎಸ್23ರ ಜೂಮ್ ಲೆನ್ಸ್ ಪೂರ್ತಿ 10 ಕೊಡುತ್ತದೆ. ಅಪ್‌ಡೇಟ್ 2031ಕ್ಕೂ ಬರಬಹುದು. ಮಗಳ ಅರಂಗೇಟ್ರಂ ಆಗ ಮತ್ತೆ ಬರುತ್ತದಾ?

ಡೊಂಬಿವಲಿ ಶೈಲಾ, 9.41

ಮಂಜು ಅವರೇ, ಈ ಮಾತು ಎದೆಗೆ ತಾಗಿತು. ಈಗ ಮತ್ತೆ ಎಸ್23 ಕಡೆ ಮನಸ್ಸು ವಾಲುತ್ತಿದೆ.

ಪುಣೆಯ ಧಾರವಾಡಿ, 10.30

ಮಂಜು ಹೇಳಿದ್ದು ಹಗಲಿಗೆ ನೂರಕ್ಕೆ ನೂರು. ಹಾಲ್ ಒಳಗೆ ಕಥೆ ಬೇರೆ, ಇದನ್ನು ನಾನು ನನ್ನ ಫೋನಿನಲ್ಲೇ ನೋಡಿದ್ದೇನೆ.

ಜೂಮ್ ಲೆನ್ಸ್‌ನ ಹಿಂದಿರುವ ಸೆನ್ಸರ್ ಬಹಳ ಚಿಕ್ಕದು. ಮುಖ್ಯ ಕ್ಯಾಮೆರಾದ ನಡುಭಾಗವನ್ನು ಮೂರು ಪಟ್ಟಿಗೆ ಕತ್ತರಿಸಿದರೆ ಉಳಿಯುವ ತುಂಡಿಗಿಂತ ಸ್ವಲ್ಪವೇ ದೊಡ್ಡದು. ಮುಖ್ಯ ಲೆನ್ಸ್‌ನ ಬಾಯಿ ಎಫ್ 1.8, ಜೂಮ್‌ನದು ಎಫ್ 2.4. ಅದಕ್ಕೆ ಒಳಗೆ ಬರುವ ಬೆಳಕು ಹೆಚ್ಚು ಕಡಿಮೆ ಅರ್ಧ. ಎರಡನ್ನೂ ಕೂಡಿಸಿ ಕಳೆದರೆ, ಮಂದ ಬೆಳಕಿನಲ್ಲಿ ಮುಖ್ಯ ಕ್ಯಾಮೆರಾದ ಕತ್ತರಿಸಿದ ತುಂಡಿಗೇ ಸ್ವಲ್ಪ ಜಾಸ್ತಿ ಬೆಳಕು ಸಿಗುತ್ತದೆ. ಅದು ಫೋನಿಗೂ ಗೊತ್ತು. ಹಾಗಾಗಿ ಬೆಳಕು ಕಡಿಮೆಯಾದಾಗ ನೀವು 3 ಒತ್ತಿದರೂ ಅದು ಸದ್ದಿಲ್ಲದೆ ಮುಖ್ಯ ಕ್ಯಾಮೆರಾಗೇ ಹೋಗಿ ಕತ್ತರಿಸಿ ಕೊಡುತ್ತದೆ. ಪರದೆಯ ಮೇಲೆ ಮಾತ್ರ 3 ಅಂತಲೇ ಇರುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಮಂದ ಬೆಳಕಿನಲ್ಲಿ 3 ಒತ್ತಿ, ಒಂದು ಬೆರಳಿನಿಂದ ಜೂಮ್ ಲೆನ್ಸ್ ಮುಚ್ಚಿ. ಪರದೆ ಕಪ್ಪಾಗದಿದ್ದರೆ ಕೆಲಸ ಮಾಡುತ್ತಿರುವುದು ಇನ್ನೊಂದು ಕ್ಯಾಮೆರಾ. ಬೆರಳು ಇಡುವ ಮೊದಲೇ 3ಕ್ಕೆ ಹೋಗಿರಬೇಕು. ಮೊದಲೇ ಮುಚ್ಚಿಟ್ಟರೆ ಕತ್ತಲೆ ಎಂದುಕೊಂಡು ಅದು ತಾನಾಗಿ ಬದಲಾಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಇನ್ನು ಎರಡೂ ಫೋನಿನ ಮುಖ್ಯ ಸೆನ್ಸರ್ ಅಳತೆಯಲ್ಲಿ ಹತ್ತಿರ ಹತ್ತಿರ ಒಂದೇ. ಹಾಗಾದರೆ ಕತ್ತಲ ಹಾಲ್‌ನಲ್ಲಿ ಉಳಿಯುವ ವ್ಯತ್ಯಾಸ ಚಿಪ್‌ನದ್ದು. ಹಲವು ಫ್ರೇಮ್ ಜೋಡಿಸಿ ಶುಚಿ ಮಾಡುವುದರಲ್ಲಿ ಎಸ್23 ಮುಂದೆ. ಆದರೆ ಕುಣಿಯುವ ಮಗುವಿನ ಕೈ ಮಸುಕಾಗುವುದು ಎರಡರಲ್ಲೂ ಇದ್ದೇ ಇದೆ. ಶಟರ್ ತಡವಾದರೆ ಯಾವ ಚಿಪ್ ಏನು ಮಾಡೀತು?

ಮೀರಾ ರೋಡ್ ಮಂಜು, 10.48

ಬೆರಳಿನ ಪರೀಕ್ಷೆ ಒಪ್ಪಿದೆ. ಆದರೆ ನೃತ್ಯದ ವೇದಿಕೆ ಅಂದರೆ ಕತ್ತಲ ಕೋಣೆ ಅಲ್ಲ ಸ್ವಾಮಿ. ಎದುರಿನಿಂದ ದೊಡ್ಡ ಲೈಟ್ ಬಿಟ್ಟಿರುತ್ತಾರೆ. ಆಗ ಜೂಮ್ ಲೆನ್ಸೇ ಓಡುತ್ತದೆ, ಕಣ್ಣಿನ ಕಾಡಿಗೆ ಕೂಡ ಕಾಣುತ್ತದೆ. ಕತ್ತಲಾಗುವುದು ಬಣ್ಣದ ಲೈಟ್ ಹಾಕಿದಾಗ ಮಾತ್ರ. ನೀವು ಹಾಲ್‌ಗೆ ಹೋಗಿಯೇ ನೋಡಬೇಕು. ನಾನಂತೂ ಎಸ್23 ಪರ.

ಚೆಂಬೂರ್ ಶೆಟ್ರು, ಭಾನುವಾರ 9 ನವೆಂಬರ್, ಬೆಳಿಗ್ಗೆ 7.05

ಒಂದು ಪ್ರಶ್ನೆ. ಏಳು ವರ್ಷ ಎಸ್24ಕ್ಕೆ ಅಂದಿರಲ್ಲ. ಹಾಗಾದರೆ ಎಸ್24ಏ ತಗೊಳ್ಳಬಹುದಲ್ಲ?

ಪುಣೆಯ ಧಾರವಾಡಿ, 8.40

ಇದು ನಿಜವಾದ ಪ್ರಶ್ನೆ ಶೆಟ್ರೇ. ಎಸ್24 2024ರ ಜನವರಿಯದು, ಏಳು ವರ್ಷ ಕೂಡಿಸಿದರೆ 2031ರ ಜನವರಿ. ಎ56 2031ರ ಮಾರ್ಚ್. ಎರಡೇ ತಿಂಗಳ ಅಂತರ. ಅಂದರೆ ನಾನು ನಿನ್ನೆ ಮಾಡಿದ ತಿಂಗಳ ಲೆಕ್ಕವೆಲ್ಲ ಅಲ್ಲಿ ಸೊನ್ನೆ. ಒಂದೇ ವರ್ಷದ ಅಂತರದ ಎರಡು ಫ್ಲ್ಯಾಗ್‌ಶಿಪ್‌ಗಳಿಗೆ ಉತ್ತರ ಹೀಗೆ ತಿರುಗಿ ಬೀಳುತ್ತದೆ. ಎಸ್24 ಬೆಲೆ ಹತ್ತಿರ ಬಂದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ, ಅದೇ. ಇಲ್ಲಿ ಮೊದಲು ಎಕ್ಸಿನೋಸ್ 2400 ಇರುವುದನ್ನು ಮಾರಿದರು, ಆಮೇಲೆ ಸ್ನ್ಯಾಪ್‌ಡ್ರಾಗನ್ 8 ಜೆನ್ 3 ಇರುವುದೂ ಬಂತು. ಯಾವುದು ಎಂದು ಕೇಳಿ ತಗೊಳ್ಳಿ. ಸಿಪಿಯು-ಝಡ್ ಆ್ಯಪ್ ಹಾಕಿದರೆ ಗೊತ್ತಾಗುತ್ತದೆ.

ಡೊಂಬಿವಲಿ ಶೈಲಾ, 9.15

ಅಂಗಡಿಗೆ ಫೋನ್ ಮಾಡಿ ಕೇಳಿದೆ. ಎಸ್24 256 ಜಿಬಿ 47 ಸಾವಿರ ಅಂದ. ನನ್ನ ಚೀಲದಲ್ಲಿ ಅಷ್ಟು ಇಲ್ಲ. ಹಬ್ಬದ ಸೇಲ್‌ನಲ್ಲಿ ಕಡಿಮೆ ಇತ್ತಂತೆ. ಹೊಟ್ಟೆ ಉರಿಸಿದ.

ಹಿಂಜವಡಿ ಹರೀಶ, 9.44

ಬ್ಯಾಟರಿ ಬಗ್ಗೆ ಯಾರೂ ನೇರವಾಗಿ ಹೇಳಲಿಲ್ಲ. ಎಸ್23 3900 ಎಂಎಎಚ್, ಚಾರ್ಜಿಂಗ್ 25 ವಾಟ್. ಎ56 5000, 45 ವಾಟ್. ಲೋಕಲ್‌ನಲ್ಲಿ ಹೋಗುವವರಿಗೆ ಇದಕ್ಕಿಂತ ದೊಡ್ಡ ವಿಷಯ ಏನಿದೆ?

ಪುಣೆಯ ಧಾರವಾಡಿ, 10.10

ಇದು ಪೂರ್ತಿ ಸರಿ ಹರೀಶ. ಓಡುವ ರೈಲಿನಲ್ಲಿ ಫೋನ್ ಟವರ್‌ನಿಂದ ಟವರ್‌ಗೆ ಜಿಗಿಯುತ್ತಲೇ ಇರುತ್ತದೆ, ಸಿಗ್ನಲ್ ಕುಗ್ಗಿದಲ್ಲಿ ಮೋಡೆಮ್ ಜೋರಾಗಿ ಕೂಗಬೇಕು. ಮನೆಯ ವೈಫೈನಲ್ಲಿ ನೋಡಿದ ವಿಡಿಯೊಗಿಂತ ಕಲ್ವಾ–ಮುಂಬ್ರಾ ನಡುವೆ ನೋಡಿದ ವಿಡಿಯೊ ಜಾಸ್ತಿ ಬ್ಯಾಟರಿ ತಿನ್ನುತ್ತದೆ. 8 ಜೆನ್ 2 ಮಿತವಾಗಿ ಕುಡಿಯುವ ಚಿಪ್ ನಿಜ, ಆದರೆ ಕೊಡವೇ ಚಿಕ್ಕದು. ಇನ್ನೊಂದು ಕಡೆ, ಎಸ್23 168 ಗ್ರಾಂ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದರಲ್ಲಿ ಬಳಸಬಹುದು. ಎ56 198 ಗ್ರಾಂ, ಅಂಗೈಗಿಂತ ದೊಡ್ಡದು. ಲೇಡೀಸ್ ಡಬ್ಬಿಯಲ್ಲಿ ಬೆಳಿಗ್ಗೆ 8ಕ್ಕೆ ನಿಂತು ನೋಡಿದವರಿಗೇ ಇದರ ಬೆಲೆ ಗೊತ್ತು.

ಅಪ್ಪಣ್ಣ ಮಾಮ, ಠಾಣೆ, 10.25

ಕೆಳಗೆ ಬೀಳಿಸುವುದಾದರೆ ಎರಡೂ ಒಂದೇ.

ಡೊಂಬಿವಲಿ ಶೈಲಾ, ಭಾನುವಾರ 16 ನವೆಂಬರ್, ರಾತ್ರಿ 10.50

ವಾರ ಆಯಿತು. ಏನಾಯಿತು ಎಂದು ಹೇಳುತ್ತೇನೆ.

ಬುಧವಾರ ಆಫೀಸಿನಿಂದ ಬರುತ್ತಾ ಅಂಗಡಿಗೆ ಹೋದೆ. ಎಸ್23 ಪೆಟ್ಟಿಗೆಯ ಚೀಟಿ ಓದಿದೆ: ಮಾರ್ಚ್ 2023. ಎರಡು ವರ್ಷ ಎಂಟು ತಿಂಗಳು ಪೆಟ್ಟಿಗೆಯಲ್ಲೇ ಕೂತಿದೆ. ಒಡೆದು ತೋರಿಸಿ ಎಂದರೆ, ದುಡ್ಡು ಕೊಟ್ಟ ಮೇಲೆ ಒಡೆಯುತ್ತೇನೆ ಎಂದ. ಐಎಂಇಐ ಬರೆದುಕೊಳ್ಳಲು ಮಾತ್ರ ಬಿಟ್ಟ. ಸಹಾಯವಾಣಿಗೆ ಕೇಳಿದೆ, ವಾರಂಟಿ ಶುರುವಾಗಿಲ್ಲ ಎಂದರು. 14422ಕ್ಕೆ ಕಳಿಸಿದ್ದಕ್ಕೂ ತೊಂದರೆಯಿಲ್ಲ ಎಂದು ಉತ್ತರ ಬಂತು. ಅಂದರೆ ಅವನು ಮೋಸಗಾರನಲ್ಲ, ಹಟಮಾರಿ ಅಷ್ಟೆ.

ಆಮೇಲೆ ಇವತ್ತು ಹಾಲ್‌ನಲ್ಲಿ ಮಗಳ ಕ್ಲಾಸಿನವರ ಕಾರ್ಯಕ್ರಮ ಇತ್ತು. ಸಹೋದ್ಯೋಗಿಯ ಎಸ್23, ನಾದಿನಿಯ ಎ56, ಎರಡನ್ನೂ ಕಾಡಿಬೇಡಿ ತಂದಿದ್ದೆ. ಹನ್ನೊಂದನೇ ಸಾಲಿನಲ್ಲಿ ಕೂತೆ. ಪಕ್ಕದವರು ನನ್ನನ್ನು ಫೋನ್ ಮಾರುವವಳು ಎಂದುಕೊಂಡಿರಬೇಕು.

ಅಲ್ಲರಿಪುವಿಗೆ ಬಿಳಿ ಲೈಟ್ ಇತ್ತು. ಜೂಮ್ ಲೆನ್ಸ್ ಮೇಲೆ ಬೆರಳಿಟ್ಟೆ, ಪರದೆ ಕಪ್ಪಾಯಿತು. ಮಂಜು ಅವರು ಗೆದ್ದರು. ಆ ಫೋಟೊದಲ್ಲಿ ಜಡೆಯ ಮಲ್ಲಿಗೆ ಎಸಳು ಎಸಳಾಗಿ ಕಾಣುತ್ತದೆ. ಎ56ರಲ್ಲಿ ಮುಖ ಚೆನ್ನಾಗಿದೆ, ಮಲ್ಲಿಗೆ ಮಾತ್ರ ಬಿಳಿ ದಾರದ ಹಾಗೆ ಇದೆ. ಆಮೇಲೆ ಒಂದು ಪದಕ್ಕೆ ನೀಲಿ ಲೈಟ್ ಮಾಡಿದರು. ಮತ್ತೆ ಬೆರಳಿಟ್ಟೆ, ಪರದೆ ಕಪ್ಪಾಗಲೇ ಇಲ್ಲ! ಧಾರವಾಡಿ ಅವರು ಗೆದ್ದರು. ಆ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಮಗಳಿಗೆ ತೋರಿಸಿದೆ, ಯಾವುದು ಯಾವ ಫೋನಿನದು ಎಂದು ಅವಳಿಗೆ ಹೇಳಲಾಗಲಿಲ್ಲ. ಕೈಗಳು ಎರಡರಲ್ಲೂ ಮಸುಕು.

ಮನೆಗೆ ಬಂದು ಗಂಡನ ಜೊತೆ ಕೂತು ಲೆಕ್ಕ ಹಾಕಿದೆ. ಮಗಳಿಗೆ ವರ್ಷಕ್ಕೆ ಮೂರೋ ನಾಲ್ಕೋ ಕಾರ್ಯಕ್ರಮ. ರೈಲು ವರ್ಷಕ್ಕೆ ಮುನ್ನೂರು ದಿನ. ಎ56 ತಗೊಳ್ಳುತ್ತಿದ್ದೇನೆ, ನಾಳೆ ಸಂಜೆ. ಮಲ್ಲಿಗೆ ನೆನೆಸಿಕೊಂಡರೆ ಮನಸ್ಸು ಸ್ವಲ್ಪ ಚುರ್ ಅನ್ನುತ್ತದೆ.

ಮೀರಾ ರೋಡ್ ಮಂಜು, 11.02

ತಪ್ಪು ಮಾಡುತ್ತಿದ್ದೀರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಮುಂದಿನ ಸಲ ಮೂರನೇ ಸಾಲಿನಲ್ಲಿ ಕೂತು ಎರಡು ಪಟ್ಟಿನಲ್ಲಿ ತೆಗೆಯಿರಿ. 50 ಮೆಗಾಪಿಕ್ಸೆಲ್‌ನಲ್ಲಿ ಕಾಲು ಭಾಗ ಅಂದರೆ 12ರ ಮೇಲೆ ಉಳಿಯುತ್ತದೆ, ಎ56ಕ್ಕೂ ಮಲ್ಲಿಗೆ ಸಿಗುತ್ತದೆ.

ಪುಣೆಯ ಧಾರವಾಡಿ, 11.10

ನೀಲಿ ಲೈಟಿಗೆ ಲೆನ್ಸ್ ಬದಲಾದದ್ದು ಎಷ್ಟು ಬೆಳಕಿಗೆ ಎಂದು ನನಗೂ ಕುತೂಹಲ. ಎರಡೂ ಫೋಟೊಗಳ ವಿವರ ತೆರೆದು ಐಎಸ್‌ಒ ಎಷ್ಟಿದೆ ನೋಡಿ ಹೇಳಿ.

ವಾಸ್ಕೋ ಬಸು, 11.31

ಅಕ್ಕಾ, ಆ ಎಸ್23 ಪೀಸ್ ಇನ್ನೂ ಇದೆಯಾ? ಅಂಗಡಿ ಎಲ್ಲಿ ಬರುತ್ತೆ?

ಡೊಂಬಿವಲಿ ಶೈಲಾ, 11.34

ಬಸು ಅಣ್ಣಾ, ಹಳೆಯದು ಬೇಡ ಅಂದವರು ನೀವೇ ಅಲ್ವಾ?

ವಾಸ್ಕೋ ಬಸು, 11.36

ಅದು ರಿಫರ್ಬಿಶ್ಡ್ ಅಕ್ಕಾ. ಇದು ಪ್ಯಾಕ್. ಮತ್ತೆ ನಾನು ಎರಡು ವರ್ಷಕ್ಕೆ ಬದಲಾಯಿಸುವವನು. 36ಕ್ಕೆ ಕೊಡ್ತಾನಾ ಕೇಳಿ ನೋಡಿ.